ಇಪ್ಪತ್ತಾರು ಲೀಟರ್ ಹಾಲಿನ ಲೆಕ್ಕ

ತಿರುಪತಿಯ ಲಡ್ಡುವಿಗೆ ವರ್ಷಗಟ್ಟಲೆ ಹೋಗುತ್ತಿದ್ದ ನಂದಿನಿ ತುಪ್ಪ 2023ರಲ್ಲಿ ನಿಂತಿತು. ಬೇರೆಯವರು ಟೆಂಡರಿನಲ್ಲಿ ಕೂಗಿದ ದರಕ್ಕೆ ಒಳ್ಳೆಯ ತುಪ್ಪ ಕೊಡಲು ಆಗುವುದಿಲ್ಲ ಎಂದು ಕರ್ನಾಟಕ ಹಾಲು ಮಹಾಮಂಡಳದ ಅಂದಿನ ಅಧ್ಯಕ್ಷ ಭೀಮಾ ನಾಯ್ಕ್ ಹೇಳಿದ್ದರು. ಮರುವರ್ಷ, ಕಿಲೋಗೆ ಸುಮಾರು ₹320ರಂತೆ ಬಂದ ತುಪ್ಪದ ಮಾದರಿಗಳು ಗುಜರಾತಿನ ಆಣಂದದಲ್ಲಿರುವ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಪ್ರಯೋಗಾಲಯಕ್ಕೆ ಹೋದವು. ಹಾಲಿನದಲ್ಲದ ಕೊಬ್ಬು ಬೆರೆತಿರುವ ಸೂಚನೆ ಇದೆ ಎಂದು ವರದಿ ಬಂತು. ಆಮೇಲೆ ನಂದಿನಿ ತುಪ್ಪ ಮತ್ತೆ ತಿರುಪತಿಗೆ ಹೋಗತೊಡಗಿದ್ದು ₹475ರ ಆಸುಪಾಸಿನ ದರಕ್ಕೆ. ಪ್ರಕರಣ ತನಿಖೆಗೆ ಹೋಯಿತು. ಯಾರು ಏನು ಮಾಡಿದರು ಎಂಬುದು ಇಲ್ಲಿಯ ವಿಷಯವಲ್ಲ. ₹320ಕ್ಕೂ ₹475ಕ್ಕೂ ನಡುವಿನ ಆ ಅಂತರ ಏನು ಹೇಳುತ್ತದೆ ಎಂಬುದಷ್ಟೇ ನನಗೆ ಮುಖ್ಯ.

ಲೆಕ್ಕವನ್ನು ಡೇರಿಯ ಬಾಗಿಲಿನಿಂದಲೇ ಹಿಡಿಯೋಣ. ಹಸುವಿನ ಹಾಲಿನಲ್ಲಿ ಫ್ಯಾಟು ನೂರಕ್ಕೆ ನಾಲ್ಕರಷ್ಟು ಇದೆ ಎನ್ನಿ. ತುಪ್ಪವೆಂದರೆ ಹೆಚ್ಚುಕಡಿಮೆ ಪೂರ್ತಿ ಫ್ಯಾಟೇ. ಹಾಗಾಗಿ ಒಂದು ಕಿಲೋ ತುಪ್ಪಕ್ಕೆ, ಕೆನೆ ತೆಗೆಯುವಾಗ, ಬೆಣ್ಣೆ ಕಾಯಿಸುವಾಗ ಆಗುವ ನಷ್ಟವೂ ಸೇರಿ, ಸುಮಾರು 26 ಲೀಟರ್ ಹಾಲು ಬೇಕು. ಹಾಲು ಒಕ್ಕೂಟ ಲೀಟರಿಗೆ ₹33 ಕೊಡುತ್ತದೆ ಎಂದಿಟ್ಟುಕೊಂಡರೆ ಹಾಲಿನ ಬಾಬ್ತೇ ₹858 ಆಯಿತು.

ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ಇಲ್ಲಿಗೇ ನಿಂತುಬಿಡುತ್ತವೆ. ಸಾವಿರ ರೂಪಾಯಿಗಿಂತ ಕಡಿಮೆಯ ತುಪ್ಪವೆಲ್ಲ ಮೋಸ ಎಂದು ಅವು ತೀರ್ಪು ಕೊಡುತ್ತವೆ. ಅದು ತಪ್ಪು. ಕೆನೆ ತೆಗೆದ ಮೇಲೆ ಉಳಿಯುವ ಹಾಲನ್ನು ಯಾರೂ ಚೆಲ್ಲುವುದಿಲ್ಲ. ಅದನ್ನು ಒಣಗಿಸಿದರೆ ಎರಡೂಕಾಲು ಕಿಲೋ ಹಾಲಿನ ಪುಡಿ ಸಿಗುತ್ತದೆ. 2024ರಲ್ಲಿ ದೇಶದಲ್ಲಿ ಪುಡಿಯ ದಾಸ್ತಾನು ತುಂಬಿ ಬೆಲೆ ಬಿದ್ದಿತ್ತು. ಕಿಲೋಗೆ ₹210 ಎಂದು ಹಿಡಿದು, ಒಣಗಿಸುವ ಖರ್ಚು ₹30 ಕಳೆದರೆ ಪುಡಿಯಿಂದ ₹405 ವಾಪಸು ಬರುತ್ತದೆ. ಉಳಿದ ₹453 ಮಾತ್ರ ತುಪ್ಪದ ತಲೆಗೆ ಬೀಳುವ ಹಾಲಿನ ಖರ್ಚು. ಬೆಣ್ಣೆ ಕಾಯಿಸುವ ಉರುವಲು, ಕೂಲಿಗೆ ಇಪ್ಪತ್ತು ರೂಪಾಯಿ ಸೇರಿಸಿದರೆ ₹473. ಇದು ನನ್ನ ಅಂದಾಜಿನ ಲೆಕ್ಕ. ಹಾಲಿನ ದರ ಎರಡು ರೂಪಾಯಿ ಅತ್ತಿತ್ತ ಆದರೆ ತುಪ್ಪದ ದರ ಐವತ್ತು ರೂಪಾಯಿ ಅತ್ತಿತ್ತ ಆಗುತ್ತದೆ. ಆದರೂ ಟ್ಯಾಂಕರಿನಲ್ಲಿ ಸಗಟಾಗಿ ಹೋಗುವ ತುಪ್ಪಕ್ಕೇ ಇಷ್ಟು ಬೀಳುತ್ತದೆ. ಇದರ ಮೇಲೆ ಡಬ್ಬ, ಸಾಗಣೆ, ತೆರಿಗೆ, ಅಂಗಡಿಯವರ ಕಮಿಷನ್ ಕೂಡಿದರೆ ಗಿರಾಕಿಯ ಕೈಗೆ ಬರುವ ಹೊತ್ತಿಗೆ ₹550 ದಾಟಲೇಬೇಕು.

ಪುಡಿಗೆ ಒಳ್ಳೆಯ ಬೆಲೆ ಇರುವ ವರ್ಷ ಈ ತಳದರ ಕೆಳಗಿಳಿಯುತ್ತದೆ, ಪುಡಿ ಬಿದ್ದ ವರ್ಷ ಮೇಲೇರುತ್ತದೆ. ಎಂದೋ ಕೇಳಿದ ಒಂದು ಅಂಕಿಯನ್ನು ತಲೆಯಲ್ಲಿಟ್ಟುಕೊಳ್ಳುವ ಬದಲು, ನಿಮ್ಮೂರಿನ ಡೇರಿ ಈಗ ರೈತರಿಗೆ ಏನು ಕೊಡುತ್ತಿದೆ ಎಂದು ಕೇಳಿ ಲೆಕ್ಕ ಹಾಕುವುದು ಒಳ್ಳೆಯದು. ಮೊಸರು ಕಡೆದು ಬೆಣ್ಣೆ ತೆಗೆಯುವ ಮನೆತುಪ್ಪದ ಕಥೆ ಬೇರೆಯೇ. ಅಲ್ಲಿ ಉಳಿಯುವುದು ಮಜ್ಜಿಗೆ. ಹಾಲಿನ ಪುಡಿಗಿರುವ ಮಾರುಕಟ್ಟೆ ಮಜ್ಜಿಗೆಗಿಲ್ಲ, ಹಾಲಿನ ಖರ್ಚೆಲ್ಲ ತುಪ್ಪದ ಮೇಲೇ ಬರುತ್ತದೆ. ಹಾಗಾಗಿ ಕಡೆದ ತುಪ್ಪ ಎಂದು ಬರೆದುಕೊಂಡು ಡೇರಿ ತುಪ್ಪದ ದರಕ್ಕೇ ಮಾರುವ ಬಾಟಲಿಯ ಬಗ್ಗೆ ನನಗೆ ಅನುಮಾನ ಹೆಚ್ಚು.

ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ವನಸ್ಪತಿ ಬೆರೆತರೆ ಸುಲಭವಾಗಿ ಗೊತ್ತಾಗಲಿ ಎಂದೇ ನಮ್ಮ ಕಾನೂನು ಒಂದು ಜಾಣತನ ಮಾಡಿತ್ತು: ವನಸ್ಪತಿಯಲ್ಲಿ ಎಳ್ಳೆಣ್ಣೆ ಇರಲೇಬೇಕು ಎಂದಿತು. ಕರಗಿಸಿದ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಚಿಟಿಕೆ ಸಕ್ಕರೆ ಹಾಕಿ ಕುಲುಕಿದರೆ ಎಳ್ಳೆಣ್ಣೆಯ ಅಂಶ ಕೆಂಪಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಬೆರೆಸುವವನು ವನಸ್ಪತಿ ಬಿಟ್ಟು ತಾಳೆ ಎಣ್ಣೆಯನ್ನೋ ಪ್ರಾಣಿಗಳ ಕೊಬ್ಬನ್ನೋ ಹಿಡಿದರೆ ಆ ಕೆಂಪು ಬರುವುದಿಲ್ಲ. ಸಸ್ಯದ ಎಣ್ಣೆಯನ್ನು ಹಿಡಿಯಲು, ಕೊಬ್ಬಿನ ಕಣಗಳ ಪ್ರಮಾಣ ಅಳೆಯಲು ದೊಡ್ಡ ಯಂತ್ರಗಳೇ ಬೇಕು. ಅವೂ ಕೆಲವೊಮ್ಮೆ ತಪ್ಪುತ್ತವೆ: ಹಸುವಿಗೆ ಮೇವು ಸಾಲದಿದ್ದರೆ, ಎಣ್ಣೆಕಾಳು ಅತಿಯಾಗಿ ತಿನ್ನಿಸಿದ್ದರೆ ಶುದ್ಧ ತುಪ್ಪವೂ ಕಲಬೆರಕೆಯಂತೆ ಕಾಣಬಹುದು. ಮಾಲು ಪರೀಕ್ಷೆಗೆ ಹೋಗುವ ಮೊದಲೇ ಬೆಲೆಯನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಅಗ್ಗದ ಡಬ್ಬಗಳಲ್ಲಿ ಎಲ್ಲವೂ ಕಲಬೆರಕೆಯಲ್ಲ. ಕೆಲವು ಸತ್ಯವನ್ನೇ ಹೇಳುತ್ತವೆ, ಆದರೆ ಸಣ್ಣ ಅಕ್ಷರದಲ್ಲಿ. ಮುಂದೆ ಹಸುವಿನ ಚಿತ್ರ, ದೇವರ ದೀಪ. ಹಿಂದೆ ತಿರುಗಿಸಿದರೆ ದೀಪಕ್ಕೆ ಮಾತ್ರ, ತಿನ್ನಲು ಅಲ್ಲ ಎಂಬ ಸಾಲು. ಇನ್ನು ಕೆಲವು ತುಪ್ಪ ಎಂಬ ಪದವನ್ನೇ ಬಳಸದೆ ಕುಕಿಂಗ್ ಮೀಡಿಯಂ ಎಂದು ಬರೆದು ಪಾರಾಗುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಕೊಬ್ಬು ಬಿಟ್ಟು ಬೇರೆ ಎಣ್ಣೆಯ ಹೆಸರಿದ್ದರೆ ಅದು ತುಪ್ಪವಲ್ಲ. ತೂಕವನ್ನೂ ನೋಡಿ: ಒಂದು ಲೀಟರ್ ತುಪ್ಪ ತೂಗುವುದು ಸುಮಾರು 910 ಗ್ರಾಂ. ಲೀಟರಿನ ದರವನ್ನು ಕಿಲೋದ ದರದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಜೇನಿನಲ್ಲಿ ಈ ಲೆಕ್ಕ ಇನ್ನೂ ಕಷ್ಟ, ಏಕೆಂದರೆ ಜೇನು ಒಂದೇ ಬಗೆಯದಲ್ಲ. ಉತ್ತರದಲ್ಲಿ ಸಾಸಿವೆ ಹೊಲಗಳಿಗೆ ಪೆಟ್ಟಿಗೆ ಸಾಗಿಸುತ್ತಾ ಸಾಕುವ ಮೆಲ್ಲಿಫೆರಾ ಜೇನು ಪೆಟ್ಟಿಗೆಗೆ ಮೂವತ್ತು ಕಿಲೋದಷ್ಟು ಕೊಡಬಲ್ಲದು. ಅದು ಸಗಟಿನಲ್ಲಿ ನೂರು ರೂಪಾಯಿಗಿಂತ ಕೆಳಗೆ ಬಿದ್ದದ್ದೂ ಉಂಟು. ನಮ್ಮ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ತುಡುವೆ ಹಾಗಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಮುಗಿಸಿಬಿಟ್ಟಿತ್ತು. ಉಳಿದವುಗಳಿಂದ ಮತ್ತೆ ಬೆಳೆಸಿದ್ದು ಈಗಿನ ಕಸುಬು. ಪೆಟ್ಟಿಗೆಗೆ ವರ್ಷಕ್ಕೆ ಏಳು ಕಿಲೋ ಬಂತೆನ್ನಿ. ಹತ್ತು ಪೆಟ್ಟಿಗೆಯಿಂದ ಎಪ್ಪತ್ತು ಕಿಲೋ. ಕಿಲೋಗೆ ₹200 ಸಿಕ್ಕರೆ ವರ್ಷದ ಹುಟ್ಟುವಳಿ ₹14,000. ಅದರಲ್ಲಿ ಮಳೆಗಾಲದಲ್ಲಿ ಹೂವಿಲ್ಲದಾಗ ಹುಳುಗಳಿಗೆ ಉಣಿಸುವ ಸಕ್ಕರೆ ಪಾಕ, ಹಾರಿಹೋದ ಕುಟುಂಬಗಳ ಬದಲಿಗೆ ಹೊಸವು, ಇರುವೆ, ಮೇಣದ ಹುಳುಗಳಿಂದ ಕಾಯುವ ವಾರವಾರದ ದುಡಿಮೆ ಎಲ್ಲ ಕಳೆಯಬೇಕು. ತುಡುವೆ ಜೇನು ಎಂದು ಬರೆದ ಬಾಟಲಿ ಅಂಗಡಿಯಲ್ಲಿ ₹250ಕ್ಕೆ ಸಿಕ್ಕರೆ, ಸಾಕಿದವನ ಕೈಗೆ ಏನು ಹೋಗಿರಬೇಕು ಎಂದು ಯೋಚಿಸಿ.

ಸಾಸಿವೆ ಜೇನಿನ ದರ ಅಷ್ಟು ಬೀಳಲು ಬೆರಕೆಯೂ ಒಂದು ಕಾರಣ. ಕಬ್ಬು, ಮುಸುಕಿನ ಜೋಳದ ಪಾಕ ಬೆರೆಸಿದರೆ ಇಂಗಾಲದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಆ ಗಿಡಗಳು ಇಂಗಾಲವನ್ನು ಹಿಡಿಯುವ ಬಗೆಯೇ ಬೇರೆ. ಭತ್ತ ಮಾತ್ರ ಜೇನುಹುಳು ಕೂರುವ ಬಹುಪಾಲು ಗಿಡಗಳ ಗುಂಪಿಗೇ ಸೇರಿದ್ದು. ಅದರ ಅಕ್ಕಿಯಿಂದ ತೆಗೆದ ಪಾಕ ಆ ಪರೀಕ್ಷೆಗೆ ಸಿಗುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಶುದ್ಧ ಜೇನಿಗೆ ತಾನೇ ಪಾಕ ಬೆರೆಸಿ ಕಳಿಸಿ ನೋಡಿತು. ಅರ್ಧಕ್ಕೆ ಅರ್ಧ ಪಾಕವಿದ್ದ ಮಾದರಿಯೂ ಆಗಿನ ಭಾರತೀಯ ಮಾನದಂಡದ ಪರೀಕ್ಷೆಯಲ್ಲಿ ಪಾಸಾಯಿತು. ಪಾಕದೊಂದಿಗೆ ಪೈಪೋಟಿ ಮಾಡಬೇಕಾದ ಸಾಕಣೆದಾರನಿಗೆ ಬೆಲೆ ಇಳಿಸದೆ ಬೇರೆ ದಾರಿಯಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 2,000 ಡಾಲರಿಗಿಂತ ಕಡಿಮೆಗೆ ಜೇನು ರಫ್ತು ಮಾಡಕೂಡದು ಎಂದಿತು. ಆಗಿನ ವಿನಿಮಯ ದರದಲ್ಲಿ ಅದು ಕಿಲೋಗೆ ಸುಮಾರು ₹165. ಇದು ಪೀಪಾಯಿಯಲ್ಲಿ ಹೋಗುವ ಸಗಟು ಜೇನಿನ ಮಾತು. ಬಾಟಲಿ, ತೆರಿಗೆ, ಅಂಗಡಿ ಯಾವುದೂ ಅದರಲ್ಲಿಲ್ಲ.

ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನು ನಂಬಬೇಡಿ. ನೀರಿನ ತಳಕ್ಕೆ ಇಳಿಯುವುದು, ಬೆಂಕಿಕಡ್ಡಿ ಹೊತ್ತುವುದು, ಬೆರಳ ಮೇಲೆ ನಿಲ್ಲುವುದು, ಇವೆಲ್ಲ ಜೇನು ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತವೆ. ಗಟ್ಟಿ ಪಾಕವೂ ಹಾಗೇ ಮಾಡುತ್ತದೆ. ಹೆಪ್ಪುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂಬ ನಂಬಿಕೆಯಂತೂ ಸಾಕಣೆದಾರರಿಗೆ ದೊಡ್ಡ ನಷ್ಟ ತಂದಿದೆ. ಸಾಸಿವೆ ಜೇನು, ಕರಾವಳಿಯ ರಬ್ಬರ್ ತೋಟಗಳ ಜೇನು ಬೇಗನೆ ಹರಳುಗಟ್ಟುತ್ತವೆ, ಅದು ಅವುಗಳ ಗುಣ. ರಬ್ಬರ್ ಜೇನು ಹೆಚ್ಚು ಸಿಗುತ್ತದೆ, ಅಗ್ಗವೂ ಹೌದು, ಮತ್ತು ಅಪ್ಪಟ ಜೇನೇ. ಲೇಬಲ್ಲಿನಲ್ಲಿ ಯಾವ ಹೂವಿನದು, ಯಾವ ಊರಿನದು ಎಂದು ಬರೆದಿದ್ದರೆ ಆ ಕಡಿಮೆ ದರವನ್ನು ನಾನು ನಂಬುತ್ತೇನೆ. ಬಾಟಲಿಯಲ್ಲಿ ಹರಳುಗಟ್ಟಿದ್ದರೆ ಅಂಗಡಿಗೆ ಹಿಂದಿರುಗಿಸಬೇಡಿ. ಕೈ ಸುಡದಷ್ಟು ಬಿಸಿನೀರಿನಲ್ಲಿ ಇಟ್ಟರೆ ನಿಧಾನವಾಗಿ ಕರಗುತ್ತದೆ.