ಎರಡು ಕಂಪನಿ, ಒಂದು ವೆಬಿನಾರ್: ಬಂದವರು ಯಾರ ಗಿರಾಕಿ?

ಬೆಂಗಳೂರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಹುಬ್ಬಳ್ಳಿಯಲ್ಲಿ ಇನ್ನೊಂದು ಕಂಪನಿ, ಅದರದು ಗೋದಾಮಿನ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್. ಇಬ್ಬರೂ ಹುಡುಕುತ್ತಿರುವುದು ಪೀಣ್ಯ, ತಾರಿಹಾಳದಂಥ ಕಡೆ ಕಾರ್ಖಾನೆ ನಡೆಸುವವರನ್ನೇ. ಆದರೆ ಒಬ್ಬರ ಸರಕಿಗೆ ಇನ್ನೊಬ್ಬರದು ಪೈಪೋಟಿಯಲ್ಲ. ಸೇರಿ ಒಂದು ವೆಬಿನಾರ್ ಮಾಡೋಣ ಎಂದು ಪ್ರಸ್ತಾವನೆ ಕಳಿಸಲು ಇಂಥ ಜೋಡಿಯೇ ಬೇಕು.

ಇಬ್ಬರಿಗೂ ಹೊಂದುವ ವಿಷಯವೂ ಸಿಗುತ್ತದೆ. ವರ್ಷಕ್ಕೆ 10 ಕೋಟಿ ರೂಪಾಯಿ ಅಥವಾ ಹೆಚ್ಚು ವಹಿವಾಟಿರುವ ಸಂಸ್ಥೆಗಳು 2025ರ ಏಪ್ರಿಲ್ 1ರಿಂದ ಇನ್‌ವಾಯ್ಸ್ ತಾರೀಖಿನ 30 ದಿನದೊಳಗೆ ಅದನ್ನು ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹಾಕಬೇಕು. ತಡವಾದರೆ ಪೋರ್ಟಲ್ ಅದನ್ನು ತೆಗೆದುಕೊಳ್ಳುವುದಿಲ್ಲ. ಗೋದಾಮಿನ ಲೆಕ್ಕಕ್ಕೂ ಬಿಲ್ಲಿನ ಲೆಕ್ಕಕ್ಕೂ ತಾಳೆಯಾಗದೆ ದಿನ ಉರುಳಿಹೋಗುವ ಕಡೆ ಎರಡೂ ಕಂಪನಿಗಳಿಗೆ ಹೇಳಲು ಏನಾದರೂ ಇದೆ. ಪ್ರಸ್ತಾವನೆಯ ಮೊದಲ ಪ್ಯಾರಾದಲ್ಲಿ ಇದಿಷ್ಟೇ ಇದ್ದರೆ ಸಾಕು. ನಮ್ಮ ಕಂಪನಿ ಎಷ್ಟು ದೊಡ್ಡದು ಎಂಬ ಪುರಾಣ ಅಲ್ಲಿ ಯಾರಿಗೂ ಬೇಡ.

ಕೆಲಸ ಹಂಚಿಕೆಯಲ್ಲಿ ತೊಡಕು ಕಡಿಮೆ. ಬೆಂಗಳೂರಿನವರು ನೋಂದಣಿ ಪುಟ, ವೆಬಿನಾರ್ ಖಾತೆ, ರೆಕಾರ್ಡಿಂಗ್ ನೋಡಿಕೊಳ್ಳುತ್ತಾರೆ. ಹುಬ್ಬಳ್ಳಿಯವರು ಪೋಸ್ಟರ್, ನೆನಪಿನ ಮೇಲ್, ನಿರೂಪಣೆ. ಮಾತಾಡುವವರು ಕಡೆಗೊಬ್ಬರು. ಪ್ರತಿ ಕೆಲಸದ ಎದುರು ಒಬ್ಬರದೇ ಹೆಸರು ಮತ್ತು ತಾರೀಖು ಬರೆಯಬೇಕು. ‘ಇಬ್ಬರೂ ಸೇರಿ’ ಎಂದು ಬರೆದ ಕೆಲಸ ಕೊನೆಗೆ ಯಾರೂ ಮಾಡದ ಕೆಲಸವಾಗುತ್ತದೆ. ಪ್ರಚಾರದ ಮಾತು ಮಾತ್ರ ಇಬ್ಬರಿಗೂ ಸಮನಾಗಿರಲಿ: ತಮ್ಮ ತಮ್ಮ ಗಿರಾಕಿಗಳಿಗೆ ಎರಡು ಮೇಲ್, ಮೊದಲನೆಯದು ಎರಡು ವಾರ ಮುಂಚೆ.

ಜಗಳ ಹುಟ್ಟುವುದು ಲೀಡ್‌ಗಳಲ್ಲಿ, ಅಂದರೆ ನೋಂದಾಯಿಸಿದವರ ಹೆಸರು-ನಂಬರುಗಳ ಪಟ್ಟಿಯಲ್ಲಿ. ಅದಕ್ಕೇ ಎರಡು ಪುಟದ ಪ್ರಸ್ತಾವನೆಯಲ್ಲಿ ಒಂದು ಪುಟ ಇದಕ್ಕೆ ಹೋದರೂ ಹೆಚ್ಚಲ್ಲ. ಮೊದಲ ಕಟ್ಟಳೆ: ಯಾರೂ ತಮ್ಮ ಹಳೆಯ ಗಿರಾಕಿಗಳ ಪಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಆಹ್ವಾನ ಅವರವರ ಪಟ್ಟಿಗೆ ಅವರವರೇ ಕಳಿಸುತ್ತಾರೆ. ನೋಂದಾಯಿಸಿ ಒಪ್ಪಿಗೆ ಕೊಟ್ಟವರ ವಿವರ ಮಾತ್ರ ಹಂಚಿಕೆಗೆ ಬರುತ್ತದೆ. ಯಾರ ಮೇಲ್‌ನಿಂದ ಬಂದವರು ಎಂದು ತಿಳಿಯಲು ಇಬ್ಬರಿಗೂ ಬೇರೆ ಬೇರೆ ಲಿಂಕ್ ಇರಬೇಕು. ಪುಟ ಒಂದೇ, ಬಾಲ ಬೇರೆ:

```
?utm_source=billing&utm_medium=email
?utm_source=stock&utm_medium=email
```

ನೋಂದಣಿ ಫಾರ್ಮಿನ ಒಪ್ಪಿಗೆಯ ಸಾಲು ಎರಡೂ ಕಂಪನಿಗಳ ಹೆಸರು ಹೇಳಬೇಕು, ಯಾಕೆ ಸಂಪರ್ಕಿಸುತ್ತಾರೆ ಎಂಬುದನ್ನೂ ಹೇಳಬೇಕು. ‘ನಮ್ಮ ಪಾಲುದಾರರು’ ಎಂದರೆ ಸಾಲದು. ಟಿಕ್ ಮೊದಲೇ ಬಿದ್ದಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ಇಂಥ ಸ್ಪಷ್ಟ ಒಪ್ಪಿಗೆಯನ್ನೇ. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವ ದಾರಿಯೂ ಇರಬೇಕು ಎನ್ನುತ್ತದೆ. ಒಬ್ಬರಿಗೆ ಬಂದ ‘ಬೇಡ’ ಎಂಬ ಮಾತನ್ನು ಇನ್ನೊಬ್ಬರಿಗೆ ಎಷ್ಟು ದಿನದಲ್ಲಿ ತಿಳಿಸಬೇಕು ಎಂದೂ ಬರೆದಿಡಿ.

ಈಗ ಲೆಕ್ಕ ನೋಡೋಣ. ಉದಾಹರಣೆಗೆ 300 ಮಂದಿ ನೋಂದಾಯಿಸಿ, ಎಲ್ಲರೂ ಒಪ್ಪಿಗೆ ಕೊಟ್ಟರು. ಬಿಲ್ಲಿಂಗ್ ಲಿಂಕ್‌ನಿಂದ 210, ಸ್ಟಾಕ್ ಲಿಂಕ್‌ನಿಂದ 90. ಅರ್ಧಕ್ಕರ್ಧ ಹಂಚೋಣ ಎಂದರೆ 210 ತಂದವರಿಗೆ ಹೊಟ್ಟೆ ಉರಿ. ತಂದವರಿಗೇ ಎಂದರೆ ಸೇರಿ ಮಾಡಿದ್ದೇಕೆ? ನನಗೆ ನ್ಯಾಯ ಅನ್ನಿಸುವುದು ಮೂರನೇ ದಾರಿ. ಪಟ್ಟಿ ಇಬ್ಬರಿಗೂ ಸಿಗಲಿ, ಮೊದಲು ಫೋನ್ ಮಾಡುವವರು ಯಾರೆಂದು ಗಿರಾಕಿಯೇ ಹೇಳಲಿ. ವೆಬಿನಾರ್ ಮುಗಿಯುವ ಹತ್ತು ನಿಮಿಷ ಮುಂಚೆ ಒಂದೇ ಪ್ರಶ್ನೆಯ ಪೋಲ್: ‘ನಿಮಗೆ ಡೆಮೊ ಯಾವುದು ಬೇಕು? ಬಿಲ್ಲಿಂಗ್, ಸ್ಟಾಕ್, ಎರಡೂ, ಯಾವುದೂ ಬೇಡ.’ ಬಂದ 120 ಮಂದಿಯಲ್ಲಿ 18 ಮಂದಿ ಬಿಲ್ಲಿಂಗ್, 14 ಮಂದಿ ಸ್ಟಾಕ್, 6 ಮಂದಿ ಎರಡೂ ಎಂದರು. ಆ ಆರು ಮಂದಿಗೆ, ಯಾರ ಲಿಂಕ್‌ನಿಂದ ಬಂದರೋ ಅವರ ಫೋನ್ ಮೊದಲು. ಮಾತಾದ ಮೇಲೆ ಇನ್ನೊಬ್ಬರನ್ನು ಪರಿಚಯಿಸುವುದು. ಉಳಿದವರಿಗೆ ಯಾರೂ ಫೋನ್ ಮಾಡುವಂತಿಲ್ಲ, ರೆಕಾರ್ಡಿಂಗ್ ಜೊತೆಗೊಂದು ಮೇಲ್ ಅಷ್ಟೇ. ಇದನ್ನು ಮೊದಲೇ ಬರೆಯದಿದ್ದರೆ ಒಂದೇ ಬೆಳಿಗ್ಗೆ ಇಬ್ಬರ ಸೇಲ್ಸ್‌ನವರೂ ಒಬ್ಬರನ್ನೇ ಎಬ್ಬಿಸುತ್ತಾರೆ, ಗಿರಾಕಿ ಇಬ್ಬರ ನಂಬರನ್ನೂ ಬ್ಲಾಕ್ ಮಾಡುತ್ತಾರೆ.

ಇನ್ನೆರಡು ಕಡೆ ಮೋಸ ಹೋಗುವುದುಂಟು. ಫಾರ್ಮ್ ಯಾರ ಖಾತೆಯಲ್ಲಿದೆಯೋ ಪಟ್ಟಿ ಅವರ ಕೈಯಲ್ಲೇ ಇರುತ್ತದೆ. ಮುಗಿದ 24 ಗಂಟೆಯೊಳಗೆ ಪೂರ್ತಿ ಪಟ್ಟಿ, ಪೋಲ್ ಉತ್ತರಗಳ ಸಮೇತ, ಇನ್ನೊಬ್ಬರಿಗೆ ಸೇರಬೇಕು ಎಂದು ಬರೆಸಿಕೊಳ್ಳಿ. ವಾರದ ಮೇಲೆ ಬಂದ ಪಟ್ಟಿಯಲ್ಲಿ ಬಿಸಿ ಆರಿರುತ್ತದೆ. ಇನ್ನೊಂದು, ‘20,000 ಜನರಿಗೆ ಮೇಲ್ ಹಾಕುತ್ತೇವೆ’ ಎಂಬ ಭರವಸೆ. ಅದು ಕೊಂಡು ತಂದ ಹಳೆಯ ಪಟ್ಟಿಯೋ ಏನೋ. ಮೇಲ್ ಎಷ್ಟು ಹೋಯಿತು ಎಂಬುದನ್ನು ಬಿಟ್ಟು, ಕಡೆಗೆ ಇಷ್ಟು ನೋಂದಣಿ ಎಂಬ ಗುರಿ ಇಡಿ. ಮೊದಲ ಮೇಲ್ ಹೋದ ಮೂರನೇ ದಿನ ಎರಡು ಲಿಂಕ್‌ಗಳ ಎಣಿಕೆ ತೆಗೆದು ನೋಡಿ. ಒಂದರಲ್ಲಿ ಎರಡಂಕಿಯೂ ದಾಟಿಲ್ಲದಿದ್ದರೆ ಅಂದೇ ಆ ಕಡೆಯವರಿಗೆ ಫೋನ್ ಮಾಡಿ. ಎರಡನೇ ಮೇಲ್‌ನ ಸಾಲು ಬದಲಿಸಲು ಆಗ ಇನ್ನೂ ಹೊತ್ತಿರುತ್ತದೆ.