ಗುಂಡಿ ಆಲೂರಿನಲ್ಲಿ, ಆಟ ಇನ್ನೆಲ್ಲೋ

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಒಂದೇ ಬಗೆಯ ಕೆಲಸ ಮಾಡುತ್ತಾ ಬಂದಿದೆ. ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಗೆ ಆದೇಶ ಕಳಿಸಿ, ಅವು ತಮ್ಮ ಜಾಗ ಬಿಟ್ಟು ಅಲುಗದಂತೆ ನೋಡಿಕೊಳ್ಳುವುದು. ಇಂಥ ಉಪಗ್ರಹದ ಮೂಲಕ ಇಂಟರ್ನೆಟ್ ಪಡೆದರೆ ನಾವು ಕಳಿಸಿದ ಮಾತು ಮೇಲೆ ಹೋಗಿ ಕೆಳಗಿಳಿಯಬೇಕು, ಅದರ ಉತ್ತರವೂ ಮೇಲೆ ಹೋಗಿ ಕೆಳಗಿಳಿಯಬೇಕು. ನಾಲ್ಕು ಸಲ ಆ ದೂರ ಕ್ರಮಿಸಲು ಬೆಳಕಿಗೇ ಸುಮಾರು 477 ಮಿಲಿಸೆಕೆಂಡು ಬೇಕು, ಅಂದರೆ ಹೆಚ್ಚುಕಡಿಮೆ ಅರ್ಧ ಸೆಕೆಂಡು. ಟಿವಿ ನೋಡುವವರಿಗೆ ಈ ತಡ ಗೊತ್ತೇ ಆಗುವುದಿಲ್ಲ. ಆದರೆ ಕಾರ್ ರೇಸ್ ಆಡುವವನು ತಿರುವಿನಲ್ಲಿ ಗುಂಡಿ ಒತ್ತಿ ಅರ್ಧ ಸೆಕೆಂಡು ಕಾದರೆ ಅವನ ಕಾರು ಅಷ್ಟರಲ್ಲಿ ರಸ್ತೆ ಬಿಟ್ಟಿರುತ್ತದೆ.

ಕ್ಲೌಡ್ ಗೇಮಿಂಗ್‌ನ ಕಷ್ಟವೆಲ್ಲ ಈ ಲೆಕ್ಕದಲ್ಲಿದೆ. ಸಕಲೇಶಪುರ, ಆಲೂರಿನ ಕಡೆ ಫೈಬರ್ ಹಾಕಿಸಿಕೊಂಡವರು ಮೊದಲು ಕೇಳುವುದು ‘ಎಷ್ಟು ಎಂಬಿಪಿಎಸ್?’ ಎಂದು. ಸಿನಿಮಾ ನೋಡಲು, ಆಫೀಸಿನ ಕೆಲಸಕ್ಕೆ ಅದು ಸರಿಯಾದ ಪ್ರಶ್ನೆ. ಆಟಕ್ಕೆ ಬಂದಾಗ ಅದಕ್ಕಿಂತ ಮುಖ್ಯವಾದ ಇನ್ನೆರಡು ಪ್ರಶ್ನೆಗಳಿವೆ: ಹೋಗಿ ಬರಲು ಎಷ್ಟು ಹೊತ್ತು, ಮತ್ತು ಆ ಹೊತ್ತು ಪ್ರತಿ ಸಲವೂ ಒಂದೇ ಆಗಿರುತ್ತದೆಯೇ?

ಆಟವನ್ನು ದೂರದ ಯಂತ್ರದಲ್ಲಿ ಓಡಿಸಿ ಬರೀ ಚಿತ್ರವನ್ನು ಮನೆಗೆ ಕಳಿಸುವ ಯೋಚನೆ ಈಚಿನದಲ್ಲ. ಫಿನ್ಲೆಂಡಿನ ಜಿ-ಕ್ಲಸ್ಟರ್ ಎಂಬ ಕಂಪನಿ 2000ದಲ್ಲೇ ಅಮೆರಿಕದ ಇ3 ಮೇಳದಲ್ಲಿ ಇದನ್ನು ಮಾಡಿ ತೋರಿಸಿತ್ತು. ಆಗ ಮನೆಗಳಲ್ಲಿ ಅದನ್ನು ಹೊರುವ ಇಂಟರ್ನೆಟ್ ಇರಲಿಲ್ಲ. ಹತ್ತು ವರ್ಷದ ನಂತರ, 2010ರ ಜೂನ್‌ನಲ್ಲಿ, ಸ್ಟೀವ್ ಪರ್ಲ್‌ಮನ್ ಅವರ ಆನ್‌ಲೈವ್ ಅಮೆರಿಕದಲ್ಲಿ ನಿಜವಾದ ಗಿರಾಕಿಗಳಿಗೆ ಸೇವೆ ತೆರೆಯಿತು. 5 ಎಂಬಿಪಿಎಸ್ ಸಂಪರ್ಕದಲ್ಲಿ 720ಪಿ ಚಿತ್ರ ಕೊಡುವುದಾಗಿ ಹೇಳಿತು, ಕೊಟ್ಟಿತು ಕೂಡ. ಅದು ಸೋತದ್ದು ಬೇರೆ ಕಡೆ. ಸಿನಿಮಾವನ್ನು ಒಂದು ಸಲ ಸಿದ್ಧಮಾಡಿಟ್ಟರೆ ಲಕ್ಷ ಜನಕ್ಕೆ ಅದನ್ನೇ ಹಂಚಬಹುದು. ಆಟದಲ್ಲಿ ಪ್ರತಿಯೊಬ್ಬನಿಗೂ ಅವನದೇ ಚಿತ್ರ ಆ ಕ್ಷಣದಲ್ಲೇ ಹುಟ್ಟಬೇಕು. ಆದ್ದರಿಂದ ಅವನು ಆಡುವಷ್ಟು ಹೊತ್ತೂ ಒಂದು ದುಬಾರಿ ಯಂತ್ರ, ಅಥವಾ ಅದರ ಒಂದು ಪಾಲು, ಅವನಿಗೇ ಮೀಸಲು. ಸಂಜೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಬೆಳಗ್ಗೆ ಯಂತ್ರಗಳು ಸುಮ್ಮನೆ ಕೂತಿರುತ್ತವೆ. 2012ರ ಆಗಸ್ಟ್‌ನಲ್ಲಿ ಆನ್‌ಲೈವ್ ತನ್ನ ನೌಕರರನ್ನು ಮನೆಗೆ ಕಳಿಸಿ ಆಸ್ತಿಯನ್ನು ಹೊಸ ಕಂಪನಿಗೆ ವಹಿಸಿತು, 2015ರ ಏಪ್ರಿಲ್ 30ರಂದು ಪೂರ್ತಿ ಮುಚ್ಚಿತು. ಅದರ ಪೇಟೆಂಟುಗಳನ್ನು ಸೋನಿ ಕೊಂಡಿತು. ಇದೇ ಕೆಲಸ ಮಾಡುತ್ತಿದ್ದ ಗೈಕೈ ಎಂಬ ಕಂಪನಿಯನ್ನು ಸೋನಿ 2012ರಲ್ಲೇ 38 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು.

ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಬಂದು 2023ರ ಜನವರಿಯಲ್ಲಿ ಹೋಯಿತು. ಭಾರತಕ್ಕೆ ಅದು ಕಾಲಿಡಲೇ ಇಲ್ಲ. ಆದರೂ ಅದರ ಒಂದು ಉಪಾಯವನ್ನು ನೆನೆಯಲೇಬೇಕು. ಸ್ಟೇಡಿಯಾದ ಕಂಟ್ರೋಲರ್ ಟಿವಿಯ ಜೊತೆ ಮಾತಾಡುತ್ತಿರಲಿಲ್ಲ. ಮನೆಯ ವೈಫೈ ಹಿಡಿದು ನೇರವಾಗಿ ಗೂಗಲ್‌ನ ಕೇಂದ್ರಕ್ಕೇ ಗುಂಡಿಯ ಸುದ್ದಿ ಮುಟ್ಟಿಸುತ್ತಿತ್ತು, ನಡುವಿನ ಒಂದು ನಿಲುಗಡೆ ತಪ್ಪುತ್ತಿತ್ತು. ಕೆಲವೇ ಮಿಲಿಸೆಕೆಂಡು ಉಳಿಸಲು ಒಂದು ಕಂಪನಿ ಕಂಟ್ರೋಲರನ್ನೇ ಹೊಸದಾಗಿ ರೂಪಿಸಿತೆಂದರೆ, ಈ ವಿದ್ಯೆಯಲ್ಲಿ ಸಮಯಕ್ಕೆ ಎಷ್ಟು ಬೆಲೆಯಿದೆ ಎಂಬುದು ತಿಳಿಯುತ್ತದೆ. ಕರ್ನಾಟಕದಲ್ಲೂ ಒಂದು ಪ್ರಯತ್ನ ನಡೆದಿದೆ. ಕಾಲರ್ ಟ್ಯೂನ್‌ಗಳಿಂದ ಹೆಸರಾದ ಬೆಂಗಳೂರಿನ ಆನ್‌ಮೊಬೈಲ್ ಕಂಪನಿಯ ‘ಆನ್‌ಮೋ’, ಇಡೀ ಆಟದ ಬದಲು ಆಟದ ಸಣ್ಣ ತುಣುಕುಗಳನ್ನು ಕ್ಲೌಡ್‌ನಿಂದ ಫೋನಿಗೆ ಕಳಿಸುವ ದಾರಿ ಹಿಡಿಯಿತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಬೇರೆ ದೇಶಗಳಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ಶುರುವಾಗಿತ್ತು, ಭಾರತಕ್ಕೆ ಬಂದದ್ದು 2025ರ ನವೆಂಬರ್‌ನಲ್ಲಿ.

ಈಗ ಆಲೂರಿನ ಹತ್ತಿರ, ಕಾಫಿ ತೋಟದ ನಡುವಿನ ಒಂದು ಮನೆ ಎಂದುಕೊಳ್ಳೋಣ. ಫೈಬರ್ ಇದೆ, ಟಿವಿಗೆ ಹೊಂದಿದ ಕಂಟ್ರೋಲರ್ ಇದೆ. ಮೈಕ್ರೋಸಾಫ್ಟ್‌ನ ಅಜೂರ್ ಕೇಂದ್ರಗಳು ಪುಣೆ, ಚೆನ್ನೈ, ಮುಂಬೈಗಳಲ್ಲಿವೆ. ಲೆಕ್ಕಕ್ಕೆ ಆಟ ಪುಣೆಯಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ.

ಆ ಮನೆಯ ಹುಡುಗಿ ಗುಂಡಿ ಒತ್ತುತ್ತಾಳೆ. ಆ ಸುದ್ದಿ ಕೆಲವೇ ಬೈಟುಗಳಷ್ಟು ಚಿಕ್ಕದು. ಅದು ರೂಟರ್ ದಾಟಿ, ಕಂಬದ ಮೇಲಿನ ಫೈಬರ್ ಹಿಡಿದು, ಹಾಸನ, ಬೆಂಗಳೂರು ಮುಟ್ಟಿ, ಅಲ್ಲಿಂದ ಪುಣೆಗೆ ಹೋಗುತ್ತದೆ. ನಕ್ಷೆಯಲ್ಲಿ ಆಲೂರಿನಿಂದ ಪುಣೆ ನೇರವಾಗಿ 650 ಕಿಲೋಮೀಟರ್ ಇರಬಹುದು. ಬೆಂಗಳೂರು ಸುತ್ತಿ ಹೋದರೆ ಸಾವಿರ ದಾಟುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ಹೋಗಿ ಬರಲು ಹತ್ತು ಮಿಲಿಸೆಕೆಂಡು ಸಾಕು. ದಾರಿಯಲ್ಲಿನ ರೂಟರುಗಳು, ಒಂದು ಕಂಪನಿಯ ಜಾಲದಿಂದ ಇನ್ನೊಂದಕ್ಕೆ ದಾಟುವ ಕಡೆಗಳು ಸೇರಿ ಅದು 30-40 ಆಗುತ್ತದೆ ಎಂದು ಹಿಡಿಯಿರಿ.

ಪುಣೆಯ ಯಂತ್ರ ಗುಂಡಿಯ ಸುದ್ದಿ ಓದಿ ಹೊಸ ಚಿತ್ರ ಬಿಡಿಸುತ್ತದೆ. ಸೆಕೆಂಡಿಗೆ 60 ಚಿತ್ರಗಳಾದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು, ಸಾಮಾನ್ಯವಾಗಿ ಆಟಕ್ಕೆ ಎರಡು ಚಿತ್ರಗಳಷ್ಟಾದರೂ ಹೊತ್ತು ಬೇಕು. ಇದು ಮನೆಯಲ್ಲೇ ಕನ್ಸೋಲ್ ಇದ್ದರೂ ತಪ್ಪದ ಖರ್ಚು. ಆಮೇಲಿನದು ಕ್ಲೌಡ್‌ನ ಸ್ವಂತ ಖರ್ಚು. 1080ಪಿ ಚಿತ್ರವನ್ನು ಹಾಗೆಯೇ ಕಳಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. ಅದನ್ನು 20 ಮೆಗಾಬಿಟ್‌ಗೆ ಇಳಿಸಬೇಕು, ಅಂದರೆ 150ರಲ್ಲಿ ಒಂದು ಪಾಲಿಗೆ. ಇದನ್ನು ಮಾಡಲು ಗ್ರಾಫಿಕ್ಸ್ ಕಾರ್ಡಿನಲ್ಲೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಸಿನಿಮಾ ಕುಗ್ಗಿಸುವಾಗ ಮುಂದಿನ ಚಿತ್ರವನ್ನೂ ನೋಡಿ ಹೆಚ್ಚು ಕುಗ್ಗಿಸಬಹುದು. ಇಲ್ಲಿ ಮುಂದಿನ ಚಿತ್ರ ಇನ್ನೂ ಹುಟ್ಟಿಯೇ ಇಲ್ಲ, ಹಿಂದಿನದನ್ನು ನೋಡಿಯೇ ಕೆಲಸ ಸಾಗಬೇಕು. ಆದ್ದರಿಂದ ಅಷ್ಟೇ ಚಂದದ ಚಿತ್ರಕ್ಕೆ ಆಟದಲ್ಲಿ ಸಿನಿಮಾಕ್ಕಿಂತ ಹೆಚ್ಚು ಡಾಟಾ ಬೇಕು. ಮಳೆ, ಹುಲ್ಲು, ಎಲೆ ತುಂಬಿದ ಕಾಡಿನ ದೃಶ್ಯ ಬಂದರೆ ಅದೂ ಸಾಲದೆ ಚಿತ್ರ ಕಲಸಿಹೋಗುತ್ತದೆ. ಕುಗ್ಗಿಸುವುದು, ಮನೆಯಲ್ಲಿ ಮತ್ತೆ ಬಿಡಿಸುವುದು, ಟಿವಿ ಅದನ್ನು ತೋರಿಸುವುದು, ಎಲ್ಲ ಸೇರಿದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ಅಂದಾಜು 100 ಮಿಲಿಸೆಕೆಂಡು. ಕನ್ಸೋಲ್ ಮನೆಯಲ್ಲೇ ಇದ್ದಿದ್ದರೆ 60-70 ಆಗುತ್ತಿತ್ತು.

ಕಥೆಯ ಆಟ, ಟ್ರ್ಯಾಕ್ಟರ್ ಓಡಿಸಿ ಬೆಳೆ ತೆಗೆಯುವ ಆಟ, ಸರದಿಯ ಮೇಲೆ ನಡೆ ಇಡುವ ಯುದ್ಧದ ಆಟಗಳಲ್ಲಿ ಈ ವ್ಯತ್ಯಾಸ ಅಡ್ಡಬರುವುದಿಲ್ಲ. ಕಾರ್ ರೇಸ್‌ನಲ್ಲಿ ಕೈ ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ. ಎದುರಾಳಿಯ ಏಟು ಕಂಡು ತಡೆಯಬೇಕಾದ ಫೈಟಿಂಗ್ ಆಟಗಳಲ್ಲಿ, ಮೊದಲು ಗುಂಡು ಹಾರಿಸಿದವನೇ ಗೆಲ್ಲುವ ಆಟಗಳಲ್ಲಿ ಮಾತ್ರ ನೀವು ಸದಾ ಒಂದು ಹೆಜ್ಜೆ ಹಿಂದೆ.

ವೇಗದ ವಿಷಯಕ್ಕೆ ಬಂದರೆ, ಎನ್‌ವಿಡಿಯಾದ ಜಿಫೋರ್ಸ್ ನೌ 720ಪಿಗೆ 15, 1080ಪಿಗೆ 25 ಎಂಬಿಪಿಎಸ್ ಕೇಳುತ್ತದೆ. ಜೊತೆಗೆ ಸರ್ವರ್‌ಗೆ ಹೋಗಿ ಬರುವ ಹೊತ್ತು 80 ಮಿಲಿಸೆಕೆಂಡಿನ ಒಳಗಿರಬೇಕು, 40ರ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಮಲೆನಾಡಿನ ಸಾಧಾರಣ ಫೈಬರ್ ಪ್ಲ್ಯಾನ್ ಈ ವೇಗವನ್ನು ಕೊಡುತ್ತದೆ. ನೂರು, ಇನ್ನೂರು ಎಂಬಿಪಿಎಸ್‌ಗೆ ದುಡ್ಡು ಸುರಿದರೆ ಆಟ ಚುರುಕಾಗುವುದಿಲ್ಲ. ಪುಣೆ ಇದ್ದಲ್ಲೇ ಇರುತ್ತದೆ. ಮೊಬೈಲ್ ಪ್ಯಾಕ್‌ನ ಲೆಕ್ಕ ಬೇರೆ. 10 ಎಂಬಿಪಿಎಸ್‌ನಲ್ಲಿ ಗಂಟೆಗೆ 4.5 ಜಿಬಿ ಖರ್ಚಾಗುತ್ತದೆ, ದಿನಕ್ಕೆ 2 ಜಿಬಿಯ ಪ್ಯಾಕ್ ಅರ್ಧ ಗಂಟೆಯೂ ಬಾಳುವುದಿಲ್ಲ.

ನಿಜವಾದ ತೊಂದರೆ ಇರುವುದು ಸ್ಥಿರತೆಯಲ್ಲಿ. ಯೂಟ್ಯೂಬ್ ಮುಂದಿನ ಅರ್ಧ ನಿಮಿಷದ ಚಿತ್ರವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ; ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತುಂಬಿದ್ದರೆ ಮೋಟಾರ್ ನಿಂತರೂ ನಲ್ಲಿಯಲ್ಲಿ ನೀರು ಬರುವ ಹಾಗೆ. ಆಟಕ್ಕೆ ಆ ಟ್ಯಾಂಕ್ ಇಲ್ಲ. 20 ಎಂಬಿಪಿಎಸ್‌ನ ಹರಿವಿನಲ್ಲಿ ಒಂದೊಂದು ಚಿತ್ರವೂ ಸುಮಾರು 35 ಪ್ಯಾಕೆಟ್‌ಗಳಾಗಿ ಬರುತ್ತದೆ. ನೂರರಲ್ಲಿ ಒಂದು ಪ್ಯಾಕೆಟ್ ಅಲ್ಲಲ್ಲಿ ಕಳೆದುಹೋದರೂ ಹತ್ತರಲ್ಲಿ ಮೂರು ಚಿತ್ರಗಳಿಗೆ ಪೆಟ್ಟು ಬೀಳುತ್ತದೆ. ಕಳೆದದ್ದನ್ನು ಮತ್ತೆ ತರಿಸುವಷ್ಟರಲ್ಲಿ ಅದರ ಹೊತ್ತು ಮೀರಿರುತ್ತದೆ. ಹೀಗಾಗಿ ಹೆಚ್ಚುವರಿ ಪ್ಯಾಕೆಟ್ ಕಳಿಸಿ ಕೊರತೆ ತುಂಬುತ್ತಾರೆ, ಸ್ವಲ್ಪ ಮಟ್ಟಿಗೆ ಮಾತ್ರ.

ಹೆತ್ತೂರು, ಯಸಳೂರಿನಂಥ ಕಡೆ ಮೊಬೈಲ್ ಸಿಗ್ನಲ್ ಮೇಲೆ ಆಡುವವರಿಗೆ ಈ ಪೆಟ್ಟು ಜೋರಾಗಿ ಬೀಳುತ್ತದೆ. 5ಜಿಯ ವೇಗವೆಲ್ಲ ಇರುವ 3,300 ಮೆಗಾಹರ್ಟ್ಸ್ ತರಂಗಕ್ಕೆ ಗುಡ್ಡ ಅಡ್ಡ ಬಂದರೆ ದಾರಿಯಿಲ್ಲ. ಸಿಲ್ವರ್ ಓಕ್ ಮರಗಳ ಸಾಲು ಅದನ್ನು ಕುಗ್ಗಿಸುತ್ತದೆ, ಎಲೆ ನೆನೆದರೆ ಇನ್ನಷ್ಟು. ಗುಡ್ಡ ಬಳಸಿ ದೂರ ಹೋಗಬಲ್ಲ 700 ಮೆಗಾಹರ್ಟ್ಸ್‌ನಲ್ಲಿ ಹೊರುವ ಶಕ್ತಿ ಕಡಿಮೆ. ಟವರ್‌ನ ಜಾಗವನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಸಂಜೆ ಹೊತ್ತು ತಡ ಒಮ್ಮೆ 40, ಮರುಕ್ಷಣ 200 ಆಗಬಹುದು. ಸ್ಪೀಡ್ ಟೆಸ್ಟ್‌ನಲ್ಲಿ ಆಗಲೂ ದೊಡ್ಡ ಸಂಖ್ಯೆಯೇ ಕಾಣುತ್ತದೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎರಡು ಸಾಲು ಸಾಕು. ರಾತ್ರಿ ಎಂಟರಿಂದ ಹತ್ತರ ನಡುವೆ, ಆಡುವ ಜಾಗದಲ್ಲೇ ಕೂತು ಮಾಡಿ:

```
ping -n 200 192.168.1.1
ping -n 200 8.8.8.8
```

ಮೊದಲನೆಯದು ಮನೆಯ ರೂಟರ್ ತನಕ ಮಾತ್ರ ಹೋಗುತ್ತದೆ. ನಿಮ್ಮ ರೂಟರ್‌ನ ಸಂಖ್ಯೆ ಬೇರೆಯಿದ್ದರೆ ಅದನ್ನೇ ಹಾಕಿ. ಕೊನೆಯಲ್ಲಿ Minimum, Maximum, Average ಎಂದು ಬರುತ್ತದೆ. ರೂಟರ್ ತನಕವೇ ಗರಿಷ್ಠ ಸಂಖ್ಯೆ 50, 100ಕ್ಕೆ ಜಿಗಿಯುತ್ತಿದ್ದರೆ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ, ತೊಂದರೆ ವೈಫೈನದು. ಹಳೆಯ ಹೆಂಚಿನ ಮನೆಗಳ ದಪ್ಪ ಗೋಡೆಯ ಆಚೆ ರೂಟರ್ ಇದ್ದರೆ ಹೀಗಾಗುತ್ತದೆ. ಒಂದು ಲ್ಯಾನ್ ಕೇಬಲ್ ಎಳೆದರೆ ಸರಿಹೋಗುತ್ತದೆ. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಮಾತ್ರ ಹಾರಾಡುತ್ತಿದ್ದರೆ ತೊಂದರೆ ಹೊರಗಿನ ಲೈನಿನದು. ಅದೇ ಹೊತ್ತಿಗೆ ಮನೆಯ ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ ನೋಡಿ. ಆಗ ಮಾತ್ರ ಸಂಖ್ಯೆ ಏರಿದರೆ, ಆ ವಿಡಿಯೋದ ಹಿಂದೆ ಆಟದ ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುತ್ತಿವೆ ಎಂದರ್ಥ. ಆಡುವಾಗ ಕಾಣುವ ಲಕ್ಷಣಗಳೂ ಬೇರೆಬೇರೆ: ಚಿತ್ರ ಚೌಕಚೌಕವಾದರೆ ವೇಗ ಸಾಲದು, ಚಿತ್ರ ತೊದಲಿದರೆ ಪ್ಯಾಕೆಟ್‌ಗಳು ಏರುಪೇರಾಗಿ ಬರುತ್ತಿವೆ, ಚಿತ್ರ ಚೊಕ್ಕವಾಗಿದ್ದೂ ಕೈ ಭಾರವೆನಿಸಿದರೆ ದಾರಿ ಉದ್ದವಾಗಿದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇವೆಲ್ಲಕ್ಕೂ ಮೀರಿದ ಕಾರಣಗಳಿರುತ್ತವೆ. ಇಲ್ಲಿ ಫೈಬರ್ ಬಹುಪಾಲು ಕರೆಂಟ್ ಕಂಬಗಳ ಮೇಲೆಯೇ ಸಾಗುತ್ತದೆ, ಒಂದು ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮನೆಯ ರೂಟರ್‌ಗೆ ಚಿಕ್ಕ ಯುಪಿಎಸ್ ಇಟ್ಟರೆ ಸಣ್ಣಪುಟ್ಟ ಕರೆಂಟ್ ಕಡಿತವನ್ನು ದಾಟಬಹುದು, ಆದರೆ ಊರಿನ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇಳಿದರೆ ಅದೂ ಉಪಯೋಗಕ್ಕೆ ಬಾರದು. ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಂಡ ಆಟ ಇನ್ವರ್ಟರ್ ಇರುವ ತನಕ ನಡೆಯುತ್ತದೆ. ಕ್ಲೌಡ್‌ನ ಆಟ ಲೈನ್ ತುಂಡಾದ ಕ್ಷಣವೇ ನಿಲ್ಲುತ್ತದೆ. ಹಾಗಾಗಿ ಈ ಕಡೆಯವರು ಚಂದಾ ಕಟ್ಟುವುದಾದರೆ ತಿಂಗಳ ಲೆಕ್ಕದಲ್ಲೇ ಕಟ್ಟಿ, ಮಳೆಗಾಲಕ್ಕೆ ಬಿಟ್ಟು, ಅಕ್ಟೋಬರ್ ಕಳೆದ ಮೇಲೆ ಮತ್ತೆ ತೆಗೆದುಕೊಳ್ಳುವುದು ಮೇಲು.