ಹಿಟ್ಟಿಗೆ ಬೇಡದ ಹೆಪ್ಪು ಹಾಲಿಗೆ ಯಾಕೆ?

ಕಳೆದ ಮೇ ತಿಂಗಳಲ್ಲಿ ಪುಲಿಕೇಶಿನಗರದ ನಮ್ಮ ಬಾಡಿಗೆ ಮನೆಯ ಕೆಳಗಡೆ ಇರೋ ಆಂಟಿ ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟರು. ಪಕ್ಕದಲ್ಲಿದ್ದ ಕಾಯಿಸಿದ ಹಾಲನ್ನು ಫ್ರಿಡ್ಜಿಗೆ ಇಡೋದು ಮರೆತರು. ಬೆಳಿಗ್ಗೆ ಹಿಟ್ಟು ಪಾತ್ರೆ ತುಂಬ ಉಬ್ಬಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಲು ಒಡೆದು ನಾರುತ್ತಿತ್ತು. "ಇಂಜಿನಿಯರಿಂಗ್ ಓದ್ತೀರಲ್ಲಪ್ಪ, ಎರಡೂ ಹೊರಗೇ ಇತ್ತು. ಒಂದು ಹುದುಗಿತು, ಇನ್ನೊಂದು ಯಾಕೆ ಕೆಡ್ತು?" ಅಂತ ನಮ್ಮನ್ನು ಕೇಳಿದರು.

ಎರಡರಲ್ಲೂ ಬ್ಯಾಕ್ಟೀರಿಯಾ ಬೆಳೆದಿದೆ. ಯಾವ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿಯಿತು ಅನ್ನೋದಷ್ಟೇ ವ್ಯತ್ಯಾಸ.

ಹಿಟ್ಟಿನ ಬ್ಯಾಕ್ಟೀರಿಯಾ ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬಂದಿರುತ್ತೆ. ನಾವು ಅದನ್ನು ನೆನೆಸಿ ರುಬ್ಬುತ್ತೇವೆಯೇ ಹೊರತು ಬೇಯಿಸಲ್ಲ, ಹಾಗಾಗಿ ಅದು ಜೀವಂತವಾಗೇ ಇರುತ್ತೆ. ಅದರಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್. ಇದು ಹಿಟ್ಟಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತೆ. ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಡೋದರಿಂದ ಹಿಟ್ಟು ಉಬ್ಬುತ್ತೆ. ಆಮ್ಲದಿಂದ ಪಿಎಚ್ ಸುಮಾರು 4.5ಕ್ಕೆ ಇಳಿಯುತ್ತೆ. ಕೆಡಿಸೋ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆ ಹುಳಿಯಲ್ಲಿ ಬೆಳೆಯಲಾರವು. ಅಂದರೆ ಹುಳಿಯೇ ಹಿಟ್ಟಿನ ಕಾವಲು.

ಹಾಲಿನ ಕಥೆ ಬೇರೆ. ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ ಪಾಶ್ಚರೀಕರಿಸಿರುತ್ತಾರೆ, ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು. ಮನೆಯಲ್ಲಿ ಮತ್ತೆ ಕುದಿಸುತ್ತೇವೆ. ರೋಗ ತರೋ ಬ್ಯಾಕ್ಟೀರಿಯಾ ಜೊತೆ ಹುಳಿ ಮಾಡೋ ಒಳ್ಳೇ ಬ್ಯಾಕ್ಟೀರಿಯಾನೂ ಸಾಯುತ್ತೆ. ಆದರೆ ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದ ಬೀಜಾಣುಗಳಾಗಿ ಕುದಿತವನ್ನೂ ತಡೆದುಕೊಳ್ಳುತ್ತವೆ. ಹಾಲು ತಣಿದ ಮೇಲೆ ಎದ್ದು, ಖಾಲಿ ಮನೆಯನ್ನು ಆಕ್ರಮಿಸುತ್ತವೆ. ಅವುಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ಕತ್ತರಿಸುತ್ತವೆ. ಅದಕ್ಕೇ ಹಾಲು ಹೆಚ್ಚು ಹುಳಿಯಾಗದೆ ಒಡೆಯುತ್ತೆ, ಕಹಿಯಾಗುತ್ತೆ.

ಹೆಪ್ಪು ಹಾಕೋದು ಅಂದರೆ ಆ ಖಾಲಿ ಮನೆಗೆ ಒಳ್ಳೇ ಬಾಡಿಗೆದಾರರನ್ನು ಮೊದಲೇ ಕಳಿಸಿದ ಹಾಗೆ. ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಸಾಕು. ಪಿಎಚ್ 4.6ರ ಹತ್ತಿರ ಬಂದಾಗ ಹಾಲಿನ ಕೇಸಿನ್ ಗಟ್ಟಿಯಾಗಿ ಮೊಸರಾಗುತ್ತೆ. ತುಂಬಾ ಬಿಸಿ ಇರುವಾಗ ಹಾಕಿದರೆ ಬಾಡಿಗೆದಾರರೇ ಸತ್ತುಹೋಗ್ತಾರೆ.

"ಹಾಗಾದ್ರೆ ಹಿಟ್ಟು ಕೆಡೋದೇ ಇಲ್ವಾ?" ಅಂದರು ಆಂಟಿ. ಕೆಡುತ್ತೆ. ಹುಳಿಯನ್ನೂ ತಡೆದುಕೊಳ್ಳೋ ಬೂಷ್ಟು ಮೇಲ್ಭಾಗದಲ್ಲಿ ಬೆಳೆಯುತ್ತೆ. ಫ್ರಿಡ್ಜು ಅದನ್ನು ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಹಿಟ್ಟು ಬರೀ ಜಾಸ್ತಿ ಹುಳಿಯಾಗಿ ಇಳಿದುಹೋಗಿದ್ದರೆ ಅದು ಕೆಟ್ಟಿಲ್ಲ, ದೋಸೆ ಹುಳಿ ಇರುತ್ತೆ ಅಷ್ಟೇ. ಗುಲಾಬಿ, ಕಿತ್ತಳೆ ಅಥವಾ ಕಪ್ಪು ಮಚ್ಚೆ, ಕೊಳೆತ ವಾಸನೆ ಕಂಡರೆ ಮೇಲಿನ ಪದರ ತೆಗೆದು ಬಳಸಬೇಡಿ, ಪೂರ್ತಿ ಚೆಲ್ಲಿ.

ಒಡೆದ ಹಾಲನ್ನು ಆಂಟಿ ಮತ್ತೆ ಕುದಿಸಿ ಪನೀರ್ ಮಾಡೋಣ ಅಂತಿದ್ದರು. ಬೇಡ ಅಂದೆವು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಬ್ಯಾಸಿಲಸ್ ಸೀರಿಯಸ್ ಬಿಡೋ ಒಂದು ವಿಷ ಕುದಿತಕ್ಕೂ ಜಗ್ಗಲ್ಲ. ಹಾಲು ಸಿಂಕಿಗೆ ಹೋಯ್ತು. ನಮಗೆ ದೋಸೆ ಸಿಕ್ತು.